20 ಚೀಲ, 4 ಕೋಣೆ: ಉತ್ತರ 52 ಅಂತ ನನಗೆ, 80 ಅಂತ ಗೆಳತಿಗೆ. ಎರಡೂ ತಪ್ಪು ಅನ್ನಿಸ್ತಿದೆ

ಸುಂಟಿಕೊಪ್ಪದ ಹುಡುಗಿ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಎರಡನೇ ವರ್ಷ ಓದ್ತಿದೀನಿ. ಎಣಿಕೆಯ ಒಂದು ಲೆಕ್ಕ ಮೂರು ದಿನದಿಂದ ಬಗೆಹರೀತಿಲ್ಲ. ಪುಸ್ತಕದಲ್ಲಿ ಅದು ಬರೀ ಅಕ್ಷರಗಳಲ್ಲಿತ್ತು. ನನಗೆ ಕಣ್ಣಿಗೆ ಕಟ್ಟಲಿ ಅಂತ ನಮ್ಮ ಮನೆ ಹಿಂದಿನ ಗೋದಾಮಿಗೆ ಹೊಂದಿಸಿಕೊಂಡೆ.

ನಾಲ್ಕು ಕೋಣೆ ಇವೆ. ಮೊದಲನೆಯದರಲ್ಲಿ ಹೆಚ್ಚೆಂದರೆ 5 ಚೀಲ ಹಿಡಿಯುತ್ತೆ, ಎರಡನೆಯದರಲ್ಲಿ 7, ಮೂರನೆಯದರಲ್ಲಿ 8, ನಾಲ್ಕನೆಯದರಲ್ಲಿ 10. ರೊಬಸ್ಟಾ ಚೆರ್ರಿ 20 ಚೀಲ ಇದೆ, ಎಲ್ಲಾ ಒಂದೇ ಥರ. ಯಾವ ಕೋಣೆಗೆ ಎಷ್ಟು ಚೀಲ ಅನ್ನೋದನ್ನ ಎಷ್ಟು ರೀತಿ ತೀರ್ಮಾನಿಸಬಹುದು? ಕೋಣೆ ಖಾಲಿ ಬಿಟ್ಟರೂ ಪರವಾಗಿಲ್ಲ. ಅಂದರೆ a + b + c + d = 20, ಎಲ್ಲವೂ ಸೊನ್ನೆ ಅಥವಾ ಮೇಲಿನ ಪೂರ್ಣಾಂಕ, a ≤ 5, b ≤ 7, c ≤ 8, d ≤ 10.

ಮಿತಿಯೇ ಇಲ್ಲದಿದ್ದರೆ C(23,3) = 1771. ಅದು ಗೊತ್ತು. ಆಮೇಲೆ ಒಂದೊಂದು ಕೋಣೆಯೂ ತುಂಬಿ ತುಳುಕುವ ರೀತಿಗಳನ್ನ ಕಳೆದೆ, 52 ಉಳೀತು. ನನ್ನ ಗೆಳತಿ ಕಳೆದು ಕೂಡಿ 80 ಅಂತಾಳೆ. ಆದರೆ ನಾಲ್ಕನೇ ಕೋಣೆಯಲ್ಲಿ ಸರಿಯಾಗಿ 10 ಇಟ್ಟು ಉಳಿದ ಹತ್ತನ್ನ ಮೂರು ಕೋಣೆಗೆ ಹಂಚೋದನ್ನ ಕೈಯಲ್ಲೇ ಬರೆದು ನೋಡಿದೆ. ಅದೊಂದರಲ್ಲೇ 42 ರೀತಿ ಬಂತು. ಒಂದೇ ಒಂದು ಸಂದರ್ಭಕ್ಕೆ 42 ಇದ್ದರೆ ಒಟ್ಟು 52 ಹೇಗಾಗುತ್ತೆ?

---

ನಾಪೋಕ್ಲು ನಂಬರ್

ನಿನ್ನ 52 ಸರಿ ಇದೆ ತಂಗಿ, ಗೆಳತಿದೇ ತಪ್ಪು. ಅವಳು ಎಲ್ಲಿ ಎಡವಿದಾಳೆ ಅಂತಾನೂ ನನಗೆ ಗೊತ್ತು. 5 ಚೀಲದ ಕೋಣೆಗೆ 20ರಿಂದ 5 ಕಳೆದಿರ್ತಾಳೆ. ಕಳೀಬೇಕಾದ್ದು 6. ಮಿತಿಗೆ ಒಂದು ಸೇರಿಸಿಯೇ ಕಳೀಬೇಕು, ಯಾಕಂದ್ರೆ 5 ಚೀಲ ಇಟ್ಟರೆ ಅದು ತಪ್ಪಲ್ಲ, ಆರನೆಯದು ಬಂದಾಗಲೇ ತಪ್ಪಾಗೋದು.

ನೀನು 6, 8, 9, 11 ಕಳೆದಿದ್ದೀಯ ಅಂದ್ಕೋತೀನಿ. ಹಾಗಿದ್ರೆ 680 + 455 + 364 + 220 = 1719. 1771ರಲ್ಲಿ ಅದನ್ನ ಕಳೆದ್ರೆ 52. ಇರೋದೇ 20 ಚೀಲ, ಎರಡು ಕೋಣೆ ಒಟ್ಟಿಗೆ ತುಂಬಿ ತುಳುಕೋ ಪ್ರಶ್ನೆಯೇ ಬರಲ್ಲ. ಹಾಗಾಗಿ ಕೂಡೋ ಕೆಲಸ ಇಲ್ಲ. ಕೈಯಲ್ಲಿ ಬರೆದ 42 ಇನ್ನೊಂದ್ಸಲ ಎಣಿಸಿ ನೋಡು.

---

ಎಸ್ಟೇಟ್ ರೈಟರ್, ಸಿದ್ದಾಪುರ

ಇಪ್ಪತ್ತೆರಡು ವರ್ಷದಿಂದ ತೋಟದಲ್ಲಿ ರೈಟರ್ ಕೆಲಸ ಮಾಡ್ತಿದೀನಿ, ಅದಕ್ಕೇ ಹೇಳ್ತೀನಿ. ಚೀಲ ಎಲ್ಲಾ ಒಂದೇ ಥರ ಅಂತ ಯಾವತ್ತೂ ಇರಲ್ಲ. ಮೊದಲ ಕೊಯ್ಲಿನದು ಬೇರೆ, ಕಡೇ ಕೊಯ್ಲಿನದು ಬೇರೆ. ಒಂದೊಂದು ಚೀಲದ ಮೇಲೂ ನಾವು ನಂಬರ್ ಬರೀತೀವಿ. ಸರಿಯಾಗಿ ಒಣಗದ ಚೀಲ ಒಂದು ಒಳಗೆ ಸೇರಿದ್ರೆ ಅಕ್ಕಪಕ್ಕದ್ದಕ್ಕೂ ಬೂಷ್ಟು ಹಿಡಿಯುತ್ತೆ. ಅರೇಬಿಕಾ ಪಾರ್ಚ್‌ಮೆಂಟ್ ಇಟ್ಟ ಕೋಣೆಗೆ ಚೆರ್ರಿ ಹಾಕೋದೇ ಇಲ್ಲ. ಹಾಗಾಗಿ 52, 80 ಅಲ್ಲ, ಲೆಕ್ಕವೇ ಕೋಟಿಗೆ ಹೋಗಬೇಕು. ಮೂರನೇ ಚೀಲ ಒಂದನೇ ಕೋಣೇಲಿದೆಯೋ ನಾಲ್ಕನೇ ಕೋಣೇಲಿದೆಯೋ ಅನ್ನೋದು ನಮಗೆ ಬೇರೆ ಬೇರೆ ವಿಷಯ.

---

ನಿವೃತ್ತ ಮೇಷ್ಟ್ರು, ಮಡಿಕೇರಿ

ರೈಟರೇ, ನೀವು ಹೇಳಿದ್ದು ತೋಟಕ್ಕೆ ನೂರಕ್ಕೆ ನೂರು ಸತ್ಯ. ಆದರೆ ಈ ಹುಡುಗಿ ಕೇಳಿರೋದು ಎಷ್ಟು ಚೀಲ ಅನ್ನೋದನ್ನ ಮಾತ್ರ, ಯಾವ ಚೀಲ ಅನ್ನೋದನ್ನಲ್ಲ. ಲೆಡ್ಜರಿನಲ್ಲಿ ನಾಲ್ಕು ಅಂಕಿ ಬರೆದರೆ ಅದು ಒಂದು ರೀತಿ. ನಿಮ್ಮ ಪ್ರಶ್ನೆಗೆ ಆಮೇಲೆ ಬರೋಣ.

ನೋಡಮ್ಮ, ನಿನ್ನ ಕೈಬರಹದ 42 ಸರಿ ಇದೆ, ನಾನೂ ಬರೆದು ನೋಡಿದೆ. ಮೊದಲ ಕೋಣೆಯಲ್ಲಿ 0, 1, 2, 3, 4, 5 ಚೀಲ ಇದ್ದಾಗ ಕ್ರಮವಾಗಿ 6, 7, 8, 8, 7, 6 ರೀತಿ. ಈಗ ನಾಲ್ಕನೇ ಕೋಣೆಯಲ್ಲಿ 9 ಇಟ್ಟು ಅದೇ ಕೆಲಸ ಮಾಡು. 5, 6, 7, 8, 8, 7 ಬರುತ್ತೆ, ಒಟ್ಟು 41. ಎರಡೇ ಸಂದರ್ಭಕ್ಕೆ 83 ಆಯ್ತು. 52 ಹೋಯ್ತು, 80 ಕೂಡ ಹೋಯ್ತು. ಸೂತ್ರದ ತಪ್ಪು ಹುಡುಕೋ ಮೊದಲು ಹೀಗೆ ಒಂದು ತುಂಡನ್ನ ಕೈಯಲ್ಲಿ ಎಣಿಸಿದ್ದು ಬಹಳ ಒಳ್ಳೇದಾಯ್ತು.

ನಾಪೋಕ್ಲಿನವರು ಒಂದು ಸೇರಿಸಿ ಕಳೀಬೇಕು ಅಂದಿದ್ದು ಸರಿ. ಎರಡು ಕೋಣೆ ಒಟ್ಟಿಗೆ ತುಳುಕಲ್ಲ ಅಂದಿದ್ದು ಸರಿಯಲ್ಲ. 6, 9, 3, 2 ಅಂತ ಇಟ್ಟು ನೋಡಿ. ಒಟ್ಟು 20. ಮೊದಲ ಕೋಣೆಯಲ್ಲಿ ಮಿತಿ 5, ಇರೋದು 6. ಎರಡನೆಯದರಲ್ಲಿ ಮಿತಿ 7, ಇರೋದು 9. ಎರಡೂ ತುಳುಕಿವೆ. ಈ ಒಂದು ಹಂಚಿಕೆಯನ್ನ ಮೊದಲ ಕೋಣೆಯ ಲೆಕ್ಕದಲ್ಲಿ ಒಮ್ಮೆ ಕಳೆದ್ರಿ, ಎರಡನೇ ಕೋಣೆಯ ಲೆಕ್ಕದಲ್ಲಿ ಇನ್ನೊಮ್ಮೆ ಕಳೆದ್ರಿ. ಇದ್ದದ್ದು ಒಂದು, ಹೋದದ್ದು ಎರಡು. ಹೆಚ್ಚಾಗಿ ಹೋದ ಒಂದನ್ನ ವಾಪಸ್ ತರಬೇಕು. ಕೂಡೋದು ಅದಕ್ಕೆ.

ಈಗ ಒಂದು ಕೋಣೆ ತುಳುಕೋದನ್ನ ಎಣಿಸೋದು ಹೇಗೆ ಅನ್ನೋದನ್ನ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ 5 ಕಳೀಬೇಕೋ 6 ಕಳೀಬೇಕೋ ಅನ್ನೋ ಗೊಂದಲ ಅಲ್ಲೇ ಹುಟ್ಟೋದು. ಕಣದಲ್ಲಿ 20 ಚೀಲ ಒಂದೇ ಸಾಲಿಗೆ ನಿಲ್ಲಿಸಿದೀಯ ಅಂದ್ಕೋ. ನಡುವೆ ಮೂರು ಬಿದಿರು ಕೋಲು ಇಟ್ಟರೆ ಸಾಲು ನಾಲ್ಕು ಪಾಲಾಗುತ್ತೆ. ಚೀಲ, ಕೋಲು ಸೇರಿ 23 ಜಾಗ, ಅದರಲ್ಲಿ ಕೋಲಿಗೆ 3 ಜಾಗ ಆರಿಸಬೇಕು. ನಿನ್ನ 1771 ಅದೇ. ಎರಡು ಕೋಲು ಒಟ್ಟೊಟ್ಟಿಗೆ ನಿಂತರೆ ಆ ಕೋಣೆ ಖಾಲಿ.

ಮೊದಲ ಕೋಣೆ ತುಳುಕಬೇಕು ಅಂದ್ರೆ ಅದರಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹಾಗಾದ್ರೆ ಮೊದಲೇ 6 ಚೀಲ ಎತ್ತಿ ಆ ಕೋಣೆಯೊಳಗೆ ಇಟ್ಟು ಬಂದುಬಿಡು. ಕಣದಲ್ಲಿ ಉಳಿದದ್ದು 14. ಆ 14ನ್ನ ನಾಲ್ಕೂ ಕೋಣೆಗೆ ಯಾವ ಮಿತಿಯೂ ಇಲ್ಲದೆ ಹಂಚು. ಮೊದಲ ಕೋಣೆಗೆ ಇನ್ನೂ ಬೀಳಬಹುದು, ಬೀಳದೆಯೂ ಇರಬಹುದು. ಹೇಗೆ ಹಂಚಿದ್ರೂ ಅದು ತುಳುಕಿಯೇ ಇರುತ್ತೆ, ಮತ್ತು ತುಳುಕಿದ ಪ್ರತಿಯೊಂದು ಹಂಚಿಕೆಯೂ ಹೀಗೆ ಒಂದೇ ಒಂದು ಸಲ ಸಿಗುತ್ತೆ. ಅದಕ್ಕೇ C(17,3) = 680.

ಗೆಳತಿ ಮೊದಲೇ 5 ಇಟ್ಟಿದಾಳೆ. 5 ಇಟ್ಟು ಬಂದರೆ, ಸರಿಯಾಗಿ 5 ಇರುವ ಒಳ್ಳೆಯ ಹಂಚಿಕೆಗಳೂ ಕೆಟ್ಟದ್ದರ ಗುಂಪಿಗೆ ಸೇರಿ ಹೋಗ್ತವೆ. ಅವಳ ಲೆಕ್ಕವನ್ನ ಪೂರ್ತಿ ಮಾಡಿದ್ರೆ 1771 − 2117 + 427 − 1 = 80. ಈ 80 ಅರ್ಥವಿಲ್ಲದ ಸಂಖ್ಯೆ ಅಲ್ಲ. ಪ್ರತಿ ಕೋಣೆಯಲ್ಲೂ ಕನಿಷ್ಠ ಒಂದು ಚೀಲದ ಜಾಗ ಖಾಲಿ ಉಳಿಯಲೇಬೇಕು ಅಂತ ಕೇಳಿದ್ದರೆ ಉತ್ತರ 80. ಅವಳು ಬೇರೆ ಪ್ರಶ್ನೆಗೆ ಸರಿಯುತ್ತರ ಬರೆದಿದಾಳೆ. ಈ ತಪ್ಪು ಅಪಾಯಕಾರಿ ಆಗೋದು ಅದಕ್ಕೇ. ಉತ್ತರ ಋಣ ಸಂಖ್ಯೆ ಬಂದಿದ್ರೆ ಯಾರಾದ್ರೂ ತಕ್ಷಣ ಎಚ್ಚೆತ್ತುಕೊಳ್ತಾರೆ. 80 ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ.

ಈಗ ನೀನು ಎರಡೆರಡು ಕೋಣೆಯ ಜೋಡಿಗಳನ್ನ ಮಾಡು. ಆರು ಜೋಡಿ ಇವೆ. ಎರಡೂ ಕೋಣೆಗೆ ಮೊದಲೇ ಚೀಲ ಇಟ್ಟು, ಉಳಿದದ್ದನ್ನ ಹಂಚಬೇಕು.

---

ಸುಂಟಿಕೊಪ್ಪದ ಹುಡುಗಿ

ಸರ್, ತುಂಬಾ ಧನ್ಯವಾದ. 6 ಎತ್ತಿಟ್ಟು ಬಾ ಅಂದದ್ದು ಪೂರ್ತಿ ಅರ್ಥ ಆಯ್ತು. ಗೆಳತಿಗೂ ಓದಿ ಹೇಳಿದೆ, 80 ಯಾವ ಪ್ರಶ್ನೆಯ ಉತ್ತರ ಅಂತ ಗೊತ್ತಾಗಿ ಅವಳಿಗೆ ಸಮಾಧಾನ ಆಯ್ತು.

ಜೋಡಿಗಳನ್ನ ಮಾಡಿದೆ. ಒಂದು ಮತ್ತು ಎರಡನೇ ಕೋಣೆಗೆ 6 + 8 = 14 ಹೋಗಿ 6 ಉಳೀತು, C(9,3) = 84. ಒಂದು ಮತ್ತು ಮೂರಕ್ಕೆ 15 ಹೋಗಿ 5 ಉಳೀತು, 56. ಒಂದು ಮತ್ತು ನಾಲ್ಕಕ್ಕೆ 17 ಹೋಗಿ 3 ಉಳೀತು, 20. ಎರಡು ಮತ್ತು ಮೂರಕ್ಕೂ 17, ಅಲ್ಲೂ 20. ಎರಡು ಮತ್ತು ನಾಲ್ಕಕ್ಕೆ 19 ಹೋಗಿ 1 ಉಳೀತು, 4. ಮೂರು ಮತ್ತು ನಾಲ್ಕಕ್ಕೆ 9 + 11 = 20, ಏನೂ ಉಳಿಯಲಿಲ್ಲ, ಹಂಚೋಕೆ ಚೀಲವೇ ಇಲ್ಲ, ಹಾಗಾಗಿ 0.

ಒಟ್ಟು 184. ಮೂರು ಕೋಣೆ ಒಟ್ಟಿಗೆ ತುಳುಕಬೇಕಾದ್ರೆ ಕಡಿಮೆ ಅಂದ್ರೂ 6 + 8 + 9 = 23 ಚೀಲ ಬೇಕು, ಅಷ್ಟು ಇಲ್ಲ. ಆದ್ದರಿಂದ 52 + 184 = 236. ಸರಿನಾ ಸರ್?

---

ಕುಶಾಲನಗರ ಕೋಡರ್

ಒಂದು ಕಡಿಮೆ ಇದೆ. ನಾನು ಕಂಪ್ಯೂಟರಿಗೆ ಎಲ್ಲವನ್ನೂ ಎಣಿಸೋಕೆ ಹೇಳಿದೆ. ಮೊದಲ ಮೂರು ಕೋಣೆಗೆ ಎಷ್ಟು ಅಂತ ತೀರ್ಮಾನ ಆದ್ರೆ ನಾಲ್ಕನೆಯದು ತಾನಾಗಿಯೇ ಗೊತ್ತಾಗುತ್ತೆ, ಅದಕ್ಕೇ ಮೂರೇ ಸುತ್ತು ಸಾಕು.

```python
n = 0
for a in range(6):
    for b in range(8):
        for c in range(9):
            d = 20 - a - b - c
            if 0 <= d <= 10:
                n += 1
print(n)
```

ಇದು `237` ಅಂತ ತೋರಿಸುತ್ತೆ. `range(6)` ಅಂದ್ರೆ 0ಯಿಂದ 5ರವರೆಗೆ. ಇಲ್ಲೂ `range(5)` ಅಂತ ಬರೆದ್ರೆ ಗೆಳತಿಯ ತಪ್ಪೇ ಮರುಕಳಿಸುತ್ತೆ, ಸೂತ್ರ ಮತ್ತು ಕೋಡ್ ಎರಡೂ ಒಂದೇ ರೀತಿ ತಪ್ಪಿ ಒಂದಕ್ಕೊಂದು ಹೊಂದಿಕೊಂಡುಬಿಡುತ್ತೆ. ನನಗೆ ಒಮ್ಮೆ ಕೆಲಸದಲ್ಲಿ ಹಾಗಾಗಿ ಎರಡು ದಿನ ಹೋಗಿತ್ತು.

---

ನಿವೃತ್ತ ಮೇಷ್ಟ್ರು, ಮಡಿಕೇರಿ

ಆ ಒಂದು ಎಲ್ಲಿದೆ ಅಂತ ಹೇಳ್ತೀನಿ. ಮೂರನೇ ಕೋಣೆಗೆ 9, ನಾಲ್ಕನೆಯದಕ್ಕೆ 11 ಇಟ್ಟು ಬಂದೆ, ಕಣ ಖಾಲಿ ಆಯ್ತು. ಹಂಚೋಕೆ ಏನೂ ಇಲ್ಲ ಅಂದ ಮಾತ್ರಕ್ಕೆ ಹಂಚಿಕೆಯೇ ಇಲ್ಲ ಅಂತ ಅಲ್ಲ. ಗೋದಾಮಿನ ಬಾಗಿಲು ತೆಗೆದು ನೋಡು, 0, 0, 9, 11 ಅಂತ ಚೀಲಗಳು ಕಣ್ಣೆದುರಿಗೇ ಇವೆ. ಅದು ಒಂದು ಹಂಚಿಕೆ. ಕೋಲಿನ ಲೆಕ್ಕದಲ್ಲೂ ಹಾಗೇ, ಚೀಲ ಇಲ್ಲ, ಮೂರು ಕೋಲು ಮಾತ್ರ ಇವೆ, ಮೂರು ಜಾಗದಲ್ಲಿ ಮೂರು ಕೋಲು ಇಡೋಕೆ ಒಂದೇ ದಾರಿ, C(3,3) = 1. ಉಳಿದದ್ದು ಸೊನ್ನೆಗಿಂತ ಕಡಿಮೆ ಆದಾಗ ಮಾತ್ರ ಆ ಪದ ಸೊನ್ನೆ.

ಆ 0, 0, 9, 11ನ್ನ ನೀನು ಎರಡು ಸಲ ಕಳೆದಿದ್ದೆ, ವಾಪಸ್ ತಂದಿರಲಿಲ್ಲ. ಈಗ ಜೋಡಿಗಳು 185. 1771 − 1719 + 185 = 237.

---

ನಾಪೋಕ್ಲು ನಂಬರ್

ಮೇಷ್ಟ್ರೇ, 6, 9, 3, 2 ನೋಡಿದ ಮೇಲೆ ಒಪ್ಪಿಕೊಂಡೆ. ಅರ್ಧ ಗೋದಾಮಿಗಿಂತ ಕಡಿಮೆ ಚೀಲ ಇದ್ದಾಗ ನಾನು ಯಾವಾಗಲೂ ಒಂದೇ ಸಲ ಕಳೆದು ಉತ್ತರ ಪಡೀತಿದ್ದೆ, ಅದನ್ನೇ ಇಲ್ಲಿಗೂ ತಂದುಬಿಟ್ಟೆ. ತಂಗಿ, ತಪ್ಪು ದಾರಿ ತೋರಿಸಿದ್ದಕ್ಕೆ ಕ್ಷಮಿಸು.

ಆದ್ರೆ ನನ್ನದೊಂದು ಪ್ರಶ್ನೆ. ಈಗ 237 ರೀತಿ ಅಂತ ಗೊತ್ತಾಯ್ತು. ಹಾಗಾದ್ರೆ ಲೋಡ್ ಇಳಿಸೋರು ಮನಸ್ಸಿಗೆ ಬಂದ ಹಾಗೆ ಇಟ್ಟರೆ, ಪ್ರತಿ ಕೋಣೇಲೂ ಐದೈದು ಇರುವ ಸಾಧ್ಯತೆ 237ರಲ್ಲಿ 1 ತಾನೆ?

---

ಗೋಣಿಕೊಪ್ಪದ ಟ್ಯೂಷನ್ ಅಕ್ಕ

ಸಾಧ್ಯತೆಯ ಮಾತಿಗೆ ಮೇಷ್ಟ್ರು ಹೇಳಲಿ. ನಾನು ಮಕ್ಕಳಿಗೆ ಹೇಳಿಕೊಡೋ ದಾರಿ ಬೇರೆ, ಅದನ್ನ ಇಲ್ಲಿ ಇಡ್ತೀನಿ. ನಾಲ್ಕೂ ಕೋಣೆ ಸೇರಿ 5 + 7 + 8 + 10 = 30 ಚೀಲದ ಜಾಗ. ಇಡಬೇಕಾದ್ದು 20. ಅಂದ್ರೆ ಖಾಲಿ ಉಳಿಯೋದು 10 ಜಾಗ. ಚೀಲ ಎಣಿಸೋ ಬದಲು ಖಾಲಿ ಜಾಗ ಎಣಿಸಿ. ಮೊದಲ ಕೋಣೆಯಲ್ಲಿ ಖಾಲಿ 0ಯಿಂದ 5, ಎರಡನೆಯದರಲ್ಲಿ 0ಯಿಂದ 7, ಹೀಗೆ ಮಿತಿಗಳು ಅವೇ. ಚೀಲ ಎಷ್ಟು ಅಂತ ಹೇಳಿದ್ರೆ ಖಾಲಿ ಎಷ್ಟು ಅಂತ ಗೊತ್ತಾಗುತ್ತೆ, ಖಾಲಿ ಹೇಳಿದ್ರೆ ಚೀಲ ಗೊತ್ತಾಗುತ್ತೆ. ಹಾಗಾಗಿ ಎರಡೂ ಎಣಿಕೆ ಒಂದೇ.

10 ಖಾಲಿ ಜಾಗ ನಾಲ್ಕು ಕೋಣೆಗೆ: C(13,3) = 286. ಮೊದಲ ಕೋಣೆಗೆ 6 ಹೋದ್ರೆ 4 ಉಳಿಯುತ್ತೆ, 35. ಎರಡನೆಯದಕ್ಕೆ 8 ಹೋದ್ರೆ 2 ಉಳಿಯುತ್ತೆ, 10. ಮೂರನೆಯದಕ್ಕೆ 9 ಹೋದ್ರೆ 1 ಉಳಿಯುತ್ತೆ, 4. ನಾಲ್ಕನೆಯದಕ್ಕೆ 11 ಬೇಕು, ಇಲ್ಲ. ಜೋಡಿಗೆ ಕನಿಷ್ಠ 14 ಬೇಕು, ಅದೂ ಇಲ್ಲ. 286 − 49 = 237. ಮುಗೀತು.

ನಾಪೋಕ್ಲಿನ ಅಣ್ಣ ಅಂದ ಹಾಗೆ ಒಂದೇ ಸಲ ಕಳೆದ್ರೆ ಸಾಕಾಗೋದು ಇಲ್ಲಿ. ಮೊದಲಿನಿಂದಲೇ ಈ ದಾರಿ ಹಿಡಿದಿದ್ರೆ ಮೂರು ದಿನ ಹೋಗ್ತಿರಲಿಲ್ಲ.

---

ನಿವೃತ್ತ ಮೇಷ್ಟ್ರು, ಮಡಿಕೇರಿ

ಅಕ್ಕಾವ್ರೇ, ಬಹಳ ಚೆನ್ನಾಗಿದೆ. ಪರೀಕ್ಷೆಯಲ್ಲಿ ನಾನಾದ್ರೂ ಹೀಗೇ ಮಾಡ್ತೀನಿ. ಇಡಬೇಕಾದ್ದು ಒಟ್ಟು ಜಾಗದ ಅರ್ಧಕ್ಕಿಂತ ಹೆಚ್ಚಿದ್ದಾಗಲೆಲ್ಲ ಖಾಲಿ ಜಾಗದ ಕಡೆಯಿಂದ ಹೋದರೆ ಪದಗಳು ಕಡಿಮೆ. ಆದರೆ ಮೊದಲ ಸಲ ಕಲಿಯೋರಿಗೆ ಇದನ್ನೇ ಮೊದಲು ಕೊಡೋದಕ್ಕೆ ನನ್ನ ಮನಸ್ಸು ಒಪ್ಪಲ್ಲ. ಜೋಡಿಗಳೇ ಎದುರಾಗದೆ ಉತ್ತರ ಬಂದುಬಿಟ್ಟರೆ ವಾಪಸ್ ಕೂಡೋದು ಯಾಕೆ ಅನ್ನೋದು ಮನಸ್ಸಿಗೆ ನಾಟಲ್ಲ. ಮುಂದೆ ಜೋಡಿ ಬಿಡಲಾಗದ ಲೆಕ್ಕ ಬಂದಾಗ 52ರಂಥ ಉತ್ತರ ಬರೆದು ಬರ್ತಾರೆ.

ಇನ್ನೊಂದು. ಒಂದು ಕೋಣೆಗೆ ಮಿತಿಯೇ ಹೇಳಿಲ್ಲ ಅಂದ್ರೆ ಖಾಲಿ ಜಾಗ ಎಷ್ಟು ಅಂತ ಹೇಳೋಕಾಗಲ್ಲ. ಆಗ ಮೂಲ ದಾರಿಯಲ್ಲೇ ಹೋಗಬೇಕು, ಮಿತಿ ಇರುವ ಕೋಣೆಗಳಿಗೆ ಮಾತ್ರ ಕಳೆದು ಕೂಡಬೇಕು.

ನಾಪೋಕ್ಲಿನವರ ಪ್ರಶ್ನೆಗೆ: ಇಲ್ಲ, 237ರಲ್ಲಿ 1 ಅಲ್ಲ. ರೈಟರು ಹೇಳಿದ ಮಾತು ಇಲ್ಲಿ ಬೇಕಾಗುತ್ತೆ. ಪ್ರತಿ ಚೀಲವನ್ನೂ ಕಣ್ಣುಮುಚ್ಚಿ ನಾಲ್ಕರಲ್ಲಿ ಒಂದು ಕೋಣೆಗೆ ಎಸೆದರು ಅಂತಿಟ್ಟುಕೊಳ್ಳಿ. ಚೀಲಗಳ ಮೇಲೆ ನಂಬರ್ ಇದ್ದರೆ, 5, 5, 5, 5 ಅನ್ನೋದು 11,73,27,45,024 ಬಗೆಯಲ್ಲಿ ಆಗಬಹುದು. 0, 2, 8, 10 ಅನ್ನೋದು ಬರೀ 83,14,020 ಬಗೆಯಲ್ಲಿ. ಲೆಡ್ಜರಿನಲ್ಲಿ ಎರಡೂ ಒಂದೊಂದು ಸಾಲು, ಆದರೆ ಮೊದಲನೆಯದು ಸುಮಾರು 1,411 ಪಟ್ಟು ಹೆಚ್ಚು ಸಲ ಆಗುವಂಥದ್ದು. ನಾವು ಎಣಿಸಿದ್ದು ಸಾಲುಗಳನ್ನ. ಸಾಲುಗಳ ತೂಕ ಒಂದೇ ಅಲ್ಲ.

ದಾಳದಲ್ಲಿ ಮಾತ್ರ ವಿಷಯ ಬೇರೆ. ಮೂರು ದಾಳ ಎಸೆದು ಮೊತ್ತ 9 ಬರೋದು ಹೆಚ್ಚೋ 10 ಬರೋದು ಹೆಚ್ಚೋ ಅನ್ನೋ ಪ್ರಶ್ನೆಗೆ ಗೆಲಿಲಿಯೊ 400 ವರ್ಷದ ಹಿಂದೆ ಉತ್ತರ ಬರೆದಿದ್ದ. ನಮ್ಮ ದಾರಿಯಲ್ಲೇ ಅದನ್ನ ಮಾಡಬಹುದು. ಪ್ರತಿ ದಾಳದಲ್ಲೂ ಕನಿಷ್ಠ 1 ಇದೆ, ಅದನ್ನ ತೆಗೆದಿಟ್ಟರೆ ಪ್ರತಿಯೊಂದೂ 0ಯಿಂದ 5. ಮೊತ್ತ 10ಕ್ಕೆ 7 ಹಂಚಬೇಕು: C(9,2) = 36, ತುಳುಕಿದ್ದು ಮೂರು ಸಲ C(3,2), ಅಂದ್ರೆ 9, ಉಳಿದದ್ದು 27. ಮೊತ್ತ 9ಕ್ಕೆ 6 ಹಂಚಬೇಕು: 28ರಲ್ಲಿ ತುಳುಕಿದ್ದು ಮೂರು ಸಲ C(2,2), ಅಂದ್ರೆ 3, ಉಳಿದದ್ದು 25. ಅಲ್ಲೂ ನೋಡಿ, 6ರಲ್ಲಿ 6 ಹೋಗಿ ಸೊನ್ನೆ ಉಳಿದಾಗ 1 ಅಂತಲೇ ಎಣಿಸಬೇಕು. ಮೂರು ದಾಳವನ್ನೂ ಬೇರೆ ಬೇರೆ ಅಂತ ನೋಡಿದ್ರೆ ಪ್ರತಿ ಸಾಲಿಗೂ 216ರಲ್ಲಿ 1ರ ಸಾಧ್ಯತೆ ಇರುತ್ತೆ. ಹಾಗಾಗಿ 27ಕ್ಕೂ 25ಕ್ಕೂ ನೇರ ಅರ್ಥ ಇದೆ. ಚೀಲಕ್ಕೆ ಆ ಭಾಗ್ಯ ಇಲ್ಲ.

---

ಎಸ್ಟೇಟ್ ರೈಟರ್, ಸಿದ್ದಾಪುರ

ಮೇಷ್ಟ್ರೇ, ಈಗ ಅರ್ಥ ಆಯ್ತು. ನಾನು ಸಾಲಿನ ಒಳಗಿನ ಚೀಲ ನೋಡ್ತಿದ್ದೆ, ನೀವು ಸಾಲು ನೋಡ್ತಿದ್ರಿ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾವ ಕೋಣೆಯನ್ನೂ ಪೂರ್ತಿ ಖಾಲಿ ಬಿಡಲ್ಲ, ಒಂದಾದ್ರೂ ಚೀಲ ಇಡ್ತೀವಿ, ಕೋಣೆಯಲ್ಲಿ ತೇವ ಇದೆಯಾ ಅಂತ ಅದರಿಂದ ಗೊತ್ತಾಗುತ್ತೆ. ಹಾಗೆ ಲೆಕ್ಕ ಹಾಕೋಕೆ ನಾನೇ ಪ್ರಯತ್ನ ಪಟ್ಟೆ. ನಾಲ್ಕು ಕೋಣೆಗೂ ಒಂದೊಂದು ಇಟ್ಟೆ, 16 ಉಳೀತು. ಆಮೇಲೆ ಅಕ್ಕಾವ್ರ ಖಾಲಿ ಜಾಗದ ದಾರಿ ಹಿಡಿದೆ. 30ರಲ್ಲಿ 16 ಹೋಗಿ 14 ಖಾಲಿ. C(17,3) = 680, ಅದರಲ್ಲಿ 165, 84, 56, 20 ಕಳೆದು, 6 + 8 ಜೋಡಿಗೆ 1 ವಾಪಸ್ ಕೂಡಿದೆ. 356 ಬಂತು. ಸೊನ್ನೆ ಉಳಿದಾಗ 1 ಅನ್ನೋದನ್ನೂ ಮರೆತಿಲ್ಲ.

---

ಸುಂಟಿಕೊಪ್ಪದ ಹುಡುಗಿ

ಅಣ್ಣ, 356 ಆಗೋಕೆ ಸಾಧ್ಯವೇ ಇಲ್ಲ ಅನ್ನಿಸುತ್ತೆ. ಖಾಲಿ ಬಿಡಬಾರದು ಅನ್ನೋದು ಹೆಚ್ಚಿನ ಷರತ್ತು. ಷರತ್ತು ಹೆಚ್ಚಿದ್ರೆ ರೀತಿಗಳು 237ಕ್ಕಿಂತ ಕಡಿಮೆ ಆಗಬೇಕು, ಹೆಚ್ಚಾಗಬಾರದು.

ತಪ್ಪು ಸಿಕ್ಕಿತು ಅಂದ್ಕೋತೀನಿ. ಒಂದೊಂದು ಚೀಲ ಮೊದಲೇ ಇಟ್ಟ ಮೇಲೆ ಕೋಣೆಗಳ ಜಾಗವೂ ಒಂದೊಂದು ಕಡಿಮೆ ಆಗಿರುತ್ತೆ. ಈಗ ಮಿತಿ 4, 6, 7, 9, ಒಟ್ಟು 26. 16 ಇಟ್ಟರೆ ಖಾಲಿ 10. ಅಂದ್ರೆ 286ರಲ್ಲಿ ಕಳೀಬೇಕಾದ್ದು: 5 ಹೋಗಿ 5 ಉಳಿದರೆ 56, 7 ಹೋಗಿ 3 ಉಳಿದರೆ 20, 8 ಹೋಗಿ 2 ಉಳಿದರೆ 10, 10 ಹೋಗಿ 0 ಉಳಿದರೆ 1. ಜೋಡಿಗೆ ಕನಿಷ್ಠ 12 ಬೇಕು, ಇಲ್ಲ. 286 − 87 = 199.

ಇನ್ನೊಂದು ಕಡೆಯಿಂದ ನೋಡಿದೆ. ಯಾವುದಾದ್ರೂ ಕೋಣೆ ಖಾಲಿ ಇರುವ ರೀತಿಗಳು: ಮೊದಲನೆಯದು ಖಾಲಿ ಇದ್ರೆ 21, ಎರಡನೆಯದು ಖಾಲಿ ಇದ್ರೆ 10, ಮೂರನೆಯದು 6, ನಾಲ್ಕನೆಯದು 1. ಎರಡು ಕೋಣೆ ಖಾಲಿ ಬಿಟ್ಟರೆ ಉಳಿದ ಎರಡರಲ್ಲಿ ಹೆಚ್ಚೆಂದರೆ 18 ಹಿಡಿಯುತ್ತೆ, ಅದು ಆಗಲ್ಲ. ಒಟ್ಟು 38. 237 − 38 = 199. ಹೊಂದಿತು!

---

ನಿವೃತ್ತ ಮೇಷ್ಟ್ರು, ಮಡಿಕೇರಿ

ಸರಿ ಇದೆ ಮಗಳೇ. ಎರಡು ದಾರಿಯಿಂದ ಬಂದು ಒಂದೇ ಕಡೆ ಸೇರಿದ್ದು ನೋಡಿ ಬಹಳ ಸಂತೋಷ ಆಯ್ತು. ರೈಟರೇ, ನಿಮ್ಮ ಲೆಕ್ಕದಲ್ಲಿ ಗುಣಾಕಾರ, ಕಳೆಯೋದು ಎಲ್ಲಾ ಸರಿ ಇತ್ತು, ಮಿತಿ ಇಳಿಸೋದೊಂದು ಬಿಟ್ಟುಹೋಗಿತ್ತು. ಕೆಳಮಿತಿ ತೆಗೆದಾಗ ಮೇಲ್ಮಿತಿಯೂ ಅಷ್ಟೇ ಇಳೀಬೇಕು.

---

ಕುಶಾಲನಗರ ಕೋಡರ್

ಕೋಡಿನಲ್ಲಿ ಮೂರೂ ಸುತ್ತನ್ನ 1ರಿಂದ ಶುರು ಮಾಡಿ, `d` ಕೂಡ 1ರಿಂದ ಅಂತ ಬದಲಾಯಿಸಿದೆ. `199`.

ಒಂದು ವಿಷಯ ಕೇಳಬೇಕಿತ್ತು. ನಾಲ್ಕು ಕೋಣೆಗೆ ಗುಂಪುಗಳು 16. ಮಿತಿಗಳು ಬೇರೆ ಬೇರೆ ಇರುವ 30 ಕೋಣೆ ಇದ್ರೆ 107 ಕೋಟಿ ದಾಟುತ್ತೆ. ಅಲ್ಲಿ ಕಳೆದು ಕೂಡೋದಕ್ಕಿಂತ ಒಂದೊಂದೇ ಕೋಣೆ ಸೇರಿಸ್ತಾ, ಇಲ್ಲಿವರೆಗೆ ಇಷ್ಟು ಚೀಲ ಇಡೋಕೆ ಎಷ್ಟು ರೀತಿ ಅಂತ ಪಟ್ಟಿ ಇಟ್ಟುಕೊಂಡು ಹೋಗೋದೇ ವಾಸಿ ಅಂತ ನನ್ನ ಅಭಿಪ್ರಾಯ. 20 ಚೀಲಕ್ಕೆ ಆ ಪಟ್ಟಿಯಲ್ಲಿ 21 ಅಂಕಿ ಸಾಕು.

---

ಗೋಣಿಕೊಪ್ಪದ ಟ್ಯೂಷನ್ ಅಕ್ಕ

ಎಲ್ಲಾ ಕೋಣೆಯ ಮಿತಿಯೂ ಒಂದೇ ಆಗಿದ್ರೆ 107 ಕೋಟಿ ಬೇಕಿಲ್ಲ. ಎಷ್ಟು ಕೋಣೆ ತುಳುಕಿವೆ ಅನ್ನೋದಷ್ಟೇ ಮುಖ್ಯ ಆಗುತ್ತೆ, 30 ಕೋಣೆಗೆ ಹೆಚ್ಚೆಂದರೆ 31 ಪದ. ದಾಳದ ಲೆಕ್ಕದಲ್ಲಿ ಮೇಷ್ಟ್ರು ಮೂರು ಸಲ ಅಂತ ಗುಣಿಸಿದ್ದು ಅದೇ. ಮಿತಿ ಬೇರೆ ಬೇರೆ ಇದ್ದರೂ, ಚೀಲ 20 ಮಾತ್ರ ಇದ್ದು ಪ್ರತಿ ಮಿತಿಯೂ 5 ಅಥವಾ ಮೇಲೆ ಇದ್ದರೆ ನಾಲ್ಕು ಕೋಣೆ ಒಟ್ಟಿಗೆ ತುಳುಕೋದೇ ಇಲ್ಲ, 24 ಚೀಲ ಬೇಕಾಗುತ್ತೆ. ಹಾಗಾಗಿ ಬಹುತೇಕ ಪದ ತಾವಾಗಿಯೇ ಸೊನ್ನೆ. ಯಾವ ದಾರಿ ವಾಸಿ ಅನ್ನೋದು ಅಂಕಿಗಳನ್ನ ನೋಡಿಯೇ ಹೇಳಬೇಕು ತಮ್ಮ. ಒಂದೇ ಮಾತಿನಲ್ಲಿ ಒಪ್ಪಲ್ಲ ನಾನು.

---

ಎಸ್ಟೇಟ್ ರೈಟರ್, ಸಿದ್ದಾಪುರ

ನನ್ನ ಮೊದಲ ಪ್ರಶ್ನೆ ಹಾಗೇ ಉಳೀತಲ್ಲ ಮೇಷ್ಟ್ರೇ. 20 ಚೀಲಕ್ಕೂ ನಂಬರ್ ಇದೆ, ಮಿತಿ 5, 7, 8, 10. ಐದೈದು ಇಡೋದೊಂದೇ 1,173 ಕೋಟಿ ಬಗೆ ಅಂದ್ರಿ. 237 ಸಾಲಿಗೂ ಹಾಗೆ ಮಾಡಿ ಕೂಡಬೇಕಾ, ಅಥವಾ ಇಲ್ಲೂ ಕಳೆದು ಕೂಡೋ ದಾರಿ ಇದೆಯಾ?

---

ನಾಪೋಕ್ಲು ನಂಬರ್

ಕಳೆದು ಕೂಡೋದು ಇಲ್ಲೂ ನಡೆಯುತ್ತೆ ಅನ್ನಿಸುತ್ತೆ. ಮಿತಿ ಇಲ್ಲದಿದ್ರೆ ಪ್ರತಿ ಚೀಲಕ್ಕೂ ನಾಲ್ಕು ಆಯ್ಕೆ, ಅಲ್ಲಿಂದ ಶುರು. ಮೊದಲ ಕೋಣೆಗೆ 6 ಚೀಲ ಆರಿಸಿ ಇಟ್ಟು, ಉಳಿದ 14ಕ್ಕೆ ನಾಲ್ಕು ನಾಲ್ಕು ಆಯ್ಕೆ ಕೊಟ್ಟರೆ ಆಗಲ್ವಾ?

---

ಸುಂಟಿಕೊಪ್ಪದ ಹುಡುಗಿ

ಅಣ್ಣ, ಹಾಗೆ ಮಾಡಿದ್ರೆ ಒಂದೇ ಹಂಚಿಕೆ ಹಲವು ಸಲ ಬರುತ್ತೆ ಅನ್ನಿಸುತ್ತೆ. ಮೊದಲ ಕೋಣೆಯಲ್ಲಿ ಕೊನೆಗೆ 7 ಚೀಲ ಇದ್ರೆ, ಅದರಲ್ಲಿ ಮೊದಲೇ ಇಟ್ಟ 6 ಯಾವುದು ಅಂತ ಏಳು ಥರ ಹೇಳಬಹುದು, ಹಾಗಾಗಿ ಅದೊಂದನ್ನೇ ಏಳು ಸಲ ಎಣಿಸಿದ ಹಾಗಾಗುತ್ತೆ. ಚೀಲ ಒಂದೇ ಥರ ಇದ್ದಾಗ ಸರ್ ಹೇಳಿದ ಹಾಗೆ ಒಂದೇ ಸಲ ಸಿಗುತ್ತಿತ್ತು, ಇಲ್ಲಿ ಸಿಗಲ್ಲ. ತುಳುಕೋದನ್ನ 6, 7, 8 ಅಂತ ಬಿಡಿಸಿ ಎಣಿಸಬೇಕೇನೋ. ಸಣ್ಣದಾಗಿ, 4 ಚೀಲ, 2 ಕೋಣೆ ಇಟ್ಟುಕೊಂಡು ಬರೆದು ನೋಡ್ತೀನಿ. ಇಲ್ಲಿ ಮಳೆಗೆ ಕರೆಂಟ್ ಹೋಗಿದೆ, ಫೋನ್ ಚಾರ್ಜ್ ಕಡಿಮೆ ಇದೆ. ನಾಳೆ ಬೆಳಿಗ್ಗೆ ಹಾಕ್ತೀನಿ.